ಏಳಬೇಕಾಗಿಲ್ಲ, ಏಳಕೂಡದು

ನನ್ನ ಅಕ್ಕನ ಮಗಳು ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಹೋಗಿ ಏಳು ತಿಂಗಳಾಯಿತು. ಭಾನುವಾರ ನಾವು ಊಟ ಮುಗಿಸಿ ಎಲೆಯಡಿಕೆಯ ತಟ್ಟೆಗೆ ಕೈಹಾಕುವ ಹೊತ್ತಿಗೆ ಅಲ್ಲಿ ಅವಳಿಗೆ ಬೆಳಗಿನ ಕಾಫಿಯ ಸಮಯ. ಆಗ ಫೋನು ಮಾಡುತ್ತಾಳೆ. ಮೊದಲು ಅವಳ ಅತ್ತೆಯೊಡನೆ ಸಾರಿನ ಪುಡಿಯ ವಿಚಾರ, ಆಮೇಲೆ ನನ್ನೊಡನೆ ಅಲ್ಲಿಯ ಚಳಿಯ ವಿಚಾರ, ಹೀಗೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೋದ ತಿಂಗಳು ಒಂದು ಭಾನುವಾರ ಮಾತ್ರ ಸಾರಿನ ಪುಡಿಯ ಪ್ರಸ್ತಾಪವೇ ಬರಲಿಲ್ಲ. "ಮಾವನಿಗೆ ಕೊಡಿ" ಎಂದಳಂತೆ. ಧ್ವನಿ ಸಣ್ಣಗಾಗಿತ್ತು.

ನಡೆದದ್ದು ಇಷ್ಟು. ಎಂಬತ್ತು ದಾಟಿದ ಒಬ್ಬ ಮುದುಕಿಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಅಲ್ಲಿ ಅಂಥ ರೋಗಿಗಳನ್ನು ವಾರಗಟ್ಟಲೆ ಮಲಗಿಸಿಡುವುದಿಲ್ಲ, ಬೇಗನೆ ಎಬ್ಬಿಸಿ ನಡೆಸುತ್ತಾರೆ. ಆದರೆ ಮೊದಲ ಸಲ ಏಳುವಾಗ ಅಂಗಸಾಧನೆಯ ಚಿಕಿತ್ಸಕರು ಪಕ್ಕದಲ್ಲಿರಬೇಕು. ಅವರು ಬರುವುದಕ್ಕೆ ಮುಂಚೆ ಅಜ್ಜಿ ಮಂಚದ ಅಂಚಿಗೆ ಸರಿಯುತ್ತಿದ್ದುದನ್ನು ಕಂಡು ನಮ್ಮ ಹುಡುಗಿ ಓಡಿಹೋಗಿ, ನಗುಮೊಗದಿಂದ, ತಪ್ಪಿಲ್ಲದ ಉಚ್ಚಾರಣೆಯಲ್ಲಿ ಹೇಳಿದಳು: "ಜೀ ಮ್ಯುಸೆನ್ ನಿಖ್ಟ್ ಔಫ್‌ಷ್ಟೇನ್." ಇವಳ ಮನಸ್ಸಿನಲ್ಲಿದ್ದದ್ದು 'ನೀವು ಏಳಕೂಡದು' ಎಂದು. ಅಜ್ಜಿ ಸಂತೋಷದಿಂದ ತಲೆದೂಗಿದಳು. ಇವಳು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಆ ತಾಯಿ ಎದ್ದು ನಿಂತು, ಮಂಚದ ಬಳಿಯ ಪುಟ್ಟ ಮೇಜನ್ನು ಹಿಡಿದು ತೂಗಾಡುತ್ತಿದ್ದಳು. ಮೇಜಿಗೆ ಗಾಲಿ ಇತ್ತು. ಆ ಹೊತ್ತಿಗೆ ಸರಿಯಾಗಿ ಒಳಗೆ ಬಂದ ಹಿರಿಯ ನರ್ಸು ಎರಡು ಹೆಜ್ಜೆಯಲ್ಲಿ ಹಾರಿ ಹಿಡಿದುಕೊಳ್ಳದಿದ್ದರೆ ಹೊಸ ಕೀಲು ಏನಾಗುತ್ತಿತ್ತೋ.

ಆಮೇಲೆ ವಿಚಾರಣೆ. "ಏಳಬೇಡಿ ಎಂದು ಹೇಳಿದ್ದೆ" ಎಂದಳು ಇವಳು. ಅಜ್ಜಿ ಅಷ್ಟೇ ಪ್ರಾಮಾಣಿಕವಾಗಿ, "ಇಲ್ಲವಲ್ಲ, ಏಳಲೇಬೇಕೆಂದೇನೂ ಇಲ್ಲ ಎಂದಳು. ಒಳ್ಳೆಯ ಹುಡುಗಿ. ನನಗೆ ಏಳಬೇಕು ಅನ್ನಿಸಿತು, ಎದ್ದೆ" ಎಂದಳು. ಇಬ್ಬರೂ ಹೇಳಿದ್ದು ನಿಜ. ಹಿರಿಯ ನರ್ಸು ಇವಳನ್ನು ಪಕ್ಕಕ್ಕೆ ಕರೆದು, "ನಿನ್ನ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ತಪ್ಪಿದ್ದರೇ ಚೆನ್ನಾಗಿತ್ತು, ಅವರು ಇನ್ನೊಮ್ಮೆ ಕೇಳುತ್ತಿದ್ದರು" ಎಂದರಂತೆ.

"ಮಾವ, ಮುಸ್ ಅಂದರೆ ಇಂಗ್ಲಿಷಿನ ಮಸ್ಟ್ ತಾನೆ? ನೀವೇ ಹೇಳಿಕೊಟ್ಟಿದ್ದು" ಎಂದಳು ಹುಡುಗಿ.

ಎಲೆಯಡಿಕೆ ನನ್ನ ಬಾಯಲ್ಲೇ ಉಳಿಯಿತು. ಹೌದು, ನಾನೇ ಹೇಳಿಕೊಟ್ಟಿದ್ದೆ. ನನಗೆ ಜರ್ಮನ್ ಭಾಷೆಯ ಗೀಳು ಹತ್ತಿದ್ದು ಕಿಟ್ಟೆಲರಿಂದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟನ್ನು ತರಗತಿಗಾಗಿ ತಿರುವಿಹಾಕುತ್ತ, ಈ ಮನುಷ್ಯನ ತಾಯ್ನುಡಿ ಹೇಗಿದ್ದೀತು ಎಂಬ ಕುತೂಹಲದಿಂದ ಎರಡು ವರ್ಷ ಸಂಜೆ ತರಗತಿಗೆ ಹೋಗಿದ್ದೆ. ಆ ಎರಡು ವರ್ಷದ ಪಾಂಡಿತ್ಯವನ್ನು ಅಕ್ಕನ ಮಗಳ ಪರೀಕ್ಷೆಯ ಕಾಲದಲ್ಲಿ ಧಾರಾಳವಾಗಿ ಖರ್ಚು ಮಾಡಿದೆ. "ಇಂಗ್ಲಿಷ್ ಬಂದವರಿಗೆ ಜರ್ಮನ್ ಏನು ಮಹಾ? ಎರಡೂ ಅಕ್ಕತಂಗಿಯರು. ಮುಸ್ ಎಂದರೆ ಮಸ್ಟ್, ನಿಖ್ಟ್ ಎಂದರೆ ನಾಟ್" ಎಂದು ಅಪ್ಪಣೆ ಕೊಡಿಸಿದವನು ನಾನೇ. ಬಿಡಿಬಿಡಿಯಾಗಿ ಎರಡೂ ಸರಿ. ಕೂಡಿಸಿದರೆ ಮಾತ್ರ ಅಜ್ಜಿ ಎದ್ದು ನಿಲ್ಲುತ್ತಾಳೆ. ನನ್ನ ಮೇಷ್ಟರುಗಿರಿಯ ಫಲವನ್ನು ನಾನು ನೋಡದ ಒಬ್ಬ ಮುದುಕಿ ಸೊಂಟದಲ್ಲಿ ಅನುಭವಿಸುವುದರಲ್ಲಿದ್ದಳು.

ಆ ವಾರವೆಲ್ಲ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿ ಕೂತೆ. ಪ್ರಾಯಶ್ಚಿತ್ತವೆನ್ನಿ.

ಜರ್ಮನ್ ಭಾಷೆಯಲ್ಲಿ ಕ್ರಿಯಾಪದದ ಬೆನ್ನಿಗೆ ನಿಂತು, ಅದು ಬೇಕೋ, ಆಗಬಹುದೋ, ಸಾಧ್ಯವೋ ಎಂದು ಹೇಳುವ ಒಂದು ಸಣ್ಣ ಪರಿವಾರವಿದೆ. ಅದರಲ್ಲಿ ನಮಗೀಗ ಬೇಕಾದವು ಎರಡು. ಒಂದು, ಮ್ಯುಸೆನ್: ನಮ್ಮ 'ಬೇಕು'. ಇನ್ನೊಂದು, ಡ್ಯುರ್ಫೆನ್: ಅನುಮತಿಯ ಅರ್ಥದ ನಮ್ಮ 'ಬಹುದು'. ಏಕವಚನದಲ್ಲಿ ಇವೇ ಮುಸ್, ಡರ್ಫ್ ಎಂದಾಗುತ್ತವೆ. ಗೌರವದಿಂದ ಮಾತನಾಡಿಸುವಾಗ, ನಮ್ಮ ಹುಡುಗಿ ಅಜ್ಜಿಯನ್ನು ಮಾತನಾಡಿಸಿದಂತೆ, ಉದ್ದನೆಯ ರೂಪಗಳೇ ಬರುತ್ತವೆ. ನಿಖ್ಟ್ ಎಂಬುದು ನಿಷೇಧ. (ಅದರ ನಡುವಣ ಧ್ವನಿ 'ಖ'ವೂ ಅಲ್ಲ, 'ಷ'ವೂ ಅಲ್ಲ, ನಮ್ಮ ಲಿಪಿ ಅದರ ಮುಂದೆ ಕೈಚೆಲ್ಲುತ್ತದೆ.)

ಕಲಿಯುವವರನ್ನು ದಿಗಿಲುಗೊಳಿಸುವ ಸಂಗತಿಯೆಂದರೆ, ನಿಷೇಧವಿಲ್ಲದಾಗ ಮುಸ್ ಬಿಗಿ, ಡರ್ಫ್ ಸಡಿಲ. ನಿಖ್ಟ್ ಸೇರಿದ ಕೂಡಲೆ ಇವು ಅದಲುಬದಲಾಗುತ್ತವೆ. ಮುಸ್ ನಿಖ್ಟ್ ಎಂದರೆ ಸಡಿಲ: ಮಾಡದಿದ್ದರೂ ನಡೆಯುತ್ತದೆ. ಡರ್ಫ್ ನಿಖ್ಟ್ ಎಂದರೆ ಬಿಗಿ: ಮಾಡುವ ಹಾಗೇ ಇಲ್ಲ. ಇದನ್ನು ಜರ್ಮನರ ವಿಚಿತ್ರ ಎಂದು ನಾನು ಬಹುಕಾಲ ನಂಬಿದ್ದೆ. ವಿಚಾರ ಮಾಡಿ ನೋಡಿದರೆ ವಿಚಿತ್ರವೇನೂ ಇಲ್ಲ. ನಿಖ್ಟ್ ಎರಡು ಕಡೆಯೂ ಒಂದೇ ಕೆಲಸವನ್ನು ಮಾಡುತ್ತದೆ. ಅದು ಹೊಡೆದುಹಾಕುವುದು ಏಳುವ ಕ್ರಿಯೆಯನ್ನಲ್ಲ, ಅದರ ಬೆನ್ನಿಗೆ ನಿಂತವನನ್ನು. ಮುಸ್ ಇರುವ ಕಡೆ 'ಕಟ್ಟು' ಎಂದು ಬರೆದುಕೊಳ್ಳಿ, ಡರ್ಫ್ ಇರುವ ಕಡೆ 'ಅಪ್ಪಣೆ' ಎಂದು ಬರೆದುಕೊಳ್ಳಿ, ನಿಖ್ಟ್ ಬಂದಲ್ಲಿ 'ಇಲ್ಲ' ಎನ್ನಿ. ಏಳಬೇಕೆಂಬ ಕಟ್ಟು ಇಲ್ಲ: ಅಂದರೆ ಮಲಗಿಯೂ ಇರಬಹುದು, ಎದ್ದರೂ ಬಾಧಕವಿಲ್ಲ. ಏಳಲು ಅಪ್ಪಣೆ ಇಲ್ಲ: ಅಂದರೆ ಮಲಗಿರಲೇಬೇಕು. ಕಟ್ಟನ್ನು ಬಿಚ್ಚಿದರೆ ಸ್ವಾತಂತ್ರ್ಯ ಉಳಿಯುತ್ತದೆ, ಅಪ್ಪಣೆಯನ್ನು ಕಿತ್ತುಕೊಂಡರೆ ಕಟ್ಟು ಉಳಿಯುತ್ತದೆ. ಇಷ್ಟೇ ಇದರ ಗುಟ್ಟು.

ಹಾಗಾದರೆ ವಕ್ರವಾಗಿ ನಡೆದುಕೊಂಡವರು ಯಾರು? ನಾವು ಸರಳವೆಂದು ನಂಬಿರುವ ಇಂಗ್ಲಿಷ್. ಅಲ್ಲಿ 'ಮಸ್ಟ್ ನಾಟ್' ಎಂದರೆ 'ಬೇಕೆಂಬ ಕಟ್ಟು ಇಲ್ಲ' ಎಂದಲ್ಲ; 'ಮಾಡದೆ ಇರಬೇಕೆಂಬ ಕಟ್ಟು ಇದೆ' ಎಂದು. ನಿಷೇಧ ಮಸ್ಟನ್ನು ಮುಟ್ಟದೆ, ಪಕ್ಕಕ್ಕೆ ಸರಿದು, ಮುಂದಿನ ಕ್ರಿಯೆಗೆ ಅಂಟಿಕೊಳ್ಳುತ್ತದೆ. ಅದೇ ಇಂಗ್ಲಿಷಿನಲ್ಲಿ 'ಕೆನಾಟ್' ಎಂದಾಗ ನಿಷೇಧ ಸರಿಯಾಗಿ 'ಕ್ಯಾನ್' ಮೇಲೆಯೇ ಬೀಳುತ್ತದೆ. ಒಂದೇ ಮನೆಯಲ್ಲಿ ಎರಡು ನಡವಳಿಕೆ. ನಮ್ಮ ಕಿವಿ ಶಾಲೆಯ ದಿನದಿಂದ ಇದಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ, ಜರ್ಮನ್ ಕಲಿಯುವಾಗ ಕನ್ನಡದ ಹುಡುಗಿ ಕನ್ನಡವನ್ನು ಬಿಟ್ಟು ಇಂಗ್ಲಿಷಿನ ಬಾಗಿಲಿನಿಂದ ಒಳಗೆ ಹೋಗುತ್ತಾಳೆ. ಕಳಿಸಿದವರು ನನ್ನಂಥ ಮಾವಂದಿರು.

ಕನ್ನಡದ ಬಾಗಿಲಿನಿಂದ ಹೋಗಿದ್ದರೆ? ಈ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಕನ್ನಡದ ಮೇಷ್ಟರಾಗಿ ಇಪ್ಪತ್ತು ವರ್ಷ ಕಳೆದರೂ ಈ ಮೂರು ನಾಲ್ಕು ಸಣ್ಣ ಮಾತುಗಳನ್ನು ಸಾಲಾಗಿ ಕೂರಿಸಿ ನೋಡಿದವನಲ್ಲ. ಡರ್ಫ್ ವಿಷಯದಲ್ಲಿ ಯಾವ ತೊಡಕೂ ಇಲ್ಲ. ನಮ್ಮಲ್ಲಿ 'ಬಹುದು' ಮತ್ತು 'ಬಾರದು' ಎರಡೂ 'ಬರು' ಎಂಬ ಒಂದೇ ಧಾತುವಿನ ಮಕ್ಕಳು. ಒಂದು ಬರುವುದು, ಇನ್ನೊಂದು ಬಾರದಿರುವುದು. ಏಳಬಹುದು, ಏಳಬಾರದು: ಡರ್ಫ್, ಡರ್ಫ್ ನಿಖ್ಟ್. ಎಷ್ಟು ಚೊಕ್ಕ ಜೋಡಿ! 'ಕೂಡದು', 'ಹಾಗಿಲ್ಲ' ಎಂಬ ಇನ್ನೆರಡು ಬೀಗಗಳು ಬೇರೆ ನಮ್ಮ ಕೈಯಲ್ಲಿವೆ.

ಆದರೆ 'ಬೇಕು' ಅಷ್ಟು ಸಾಧುವಲ್ಲ. 'ಏಳಬೇಕು' ಎಂಬುದಕ್ಕೆ ನಿಷೇಧ ಹೇಳೆಂದು ಮಗುವನ್ನು ಕೇಳಿದರೆ ತಟ್ಟನೆ 'ಏಳಬೇಡ' ಎನ್ನುತ್ತದೆ. ಅದು ಕಟ್ಟನ್ನು ಬಿಚ್ಚಿದ ಮಾತಲ್ಲ, ತಡೆಯುವ ಮಾತು, ಇಂಗ್ಲಿಷಿನ ಮಸ್ಟ್ ನಾಟ್‌ನ ದಾರಿಯಲ್ಲೇ ಹೋದದ್ದು. ಕಟ್ಟನ್ನು ಬಿಚ್ಚಬೇಕಾದರೆ ನಾವು 'ಬೇಕು' ಎಂಬುದನ್ನು ಇಡಿಯಾಗಿ ಉಳಿಸಿಕೊಂಡು ಅದರ ಕೊನೆಗೆ 'ಇಲ್ಲ' ಹಚ್ಚಬೇಕು: 'ಏಳಬೇಕಾಗಿಲ್ಲ', 'ಏಳಬೇಕಿಲ್ಲ'. ಹೀಗೆ ಕನ್ನಡದ 'ಬೇಕು'ವಿಗೆ ಎರಡು ನಿಷೇಧಗಳಿವೆ. 'ಬೇಡ'ದಲ್ಲಿ ನಿಷೇಧ ಕ್ರಿಯೆಯನ್ನು ತಡೆಯುತ್ತದೆ, 'ಬೇಕಿಲ್ಲ'ದಲ್ಲಿ ಬೇಕನ್ನೇ ಅಳಿಸುತ್ತದೆ. ಜರ್ಮನ್ ಮುಸ್ ನಿಖ್ಟ್ ಈ ಎರಡನೆಯದು. ಆದ್ದರಿಂದ ನಿಖ್ಟ್ ಎಂದರೆ 'ಬೇಡ' ಎಂದು ಕಲಿಸಿದರೂ ಹುಡುಗಿ ಹಳ್ಳಕ್ಕೆ ಬೀಳುತ್ತಿದ್ದಳು. 'ಇಲ್ಲ' ಎಂದು ಕಲಿಸಿದ್ದರೆ ಉಳಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳು ಹೇಳಬೇಕಾಗಿದ್ದದ್ದು "ಜೀ ಡ್ಯುರ್ಫೆನ್ ನೋಖ್ ನಿಖ್ಟ್ ಔಫ್‌ಷ್ಟೇನ್", ನೀವು ಇನ್ನೂ ಏಳುವ ಹಾಗಿಲ್ಲ. ಆ 'ನೋಖ್', ಅಂದರೆ 'ಇನ್ನೂ', ಸೇರಿದರೆ ತಡೆಯ ಮಾತಿನಲ್ಲೂ ಸ್ವಲ್ಪ ಮೆತುವು ಬರುತ್ತದೆ. ಆಮೇಲೆ ಏಳಬಹುದು ಎಂಬ ಭರವಸೆ ಅದರೊಳಗೇ ಇದೆ.

ಸರಿ, ಇಂಗ್ಲಿಷ್ ಮತ್ತು ಜರ್ಮನ್ ಅಕ್ಕತಂಗಿಯರೇ ಆದರೆ ಒಬ್ಬಳ ಮಸ್ಟ್ ಇನ್ನೊಬ್ಬಳ ಮುಸ್ ಜೊತೆಯಲ್ಲಿ ಹುಟ್ಟಿ ಹೀಗೇಕೆ ಮುಖ ತಿರುಗಿಸಿದವು? ಪದಗಳ ಹಳೆಯ ಲೆಕ್ಕ ತೆಗೆದರೆ ಒಂದು ಸ್ವಾರಸ್ಯ ಕಾಣುತ್ತದೆ. ಇಂದು ಕಟ್ಟನ್ನು ಹೇಳುವ ಮ್ಯುಸೆನ್, ಸಾವಿರ ವರ್ಷದ ಹಿಂದಿನ ಜರ್ಮನ್‌ನಲ್ಲಿ ಅವಕಾಶವನ್ನು ಹೇಳುತ್ತಿತ್ತು: ಮಾಡಲು ಎಡೆಯಿದೆ, ಮಾಡಬಹುದು ಎಂದು. ಬಿಡುವು, ವಿರಾಮ ಎಂಬ ಅರ್ಥದ 'ಮೂಸೆ' ಎಂಬ ಜರ್ಮನ್ ಪದ ಅದರ ಸೋದರಿ. ಕಡ್ಡಾಯಕ್ಕೂ ಬಿಡುವಿಗೂ ಒಂದೇ ತಾಯಿ! ಇತ್ತ ಇಂದು ಅಪ್ಪಣೆಯನ್ನು ಹೇಳುವ ಡ್ಯುರ್ಫೆನ್, ಆಗ ಅಗತ್ಯವನ್ನು ಹೇಳುತ್ತಿತ್ತು. ಅದರ ಗುರುತು 'ಬೆಡ್ಯುರ್ಫೆನ್' ಎಂಬ ಪದದಲ್ಲಿ ಇಂದಿಗೂ ಉಳಿದಿದೆ, ಅದರ ಅರ್ಥ 'ಬೇಕಾಗು', 'ಅಗತ್ಯಪಡು'. ಅಂದರೆ ಎರಡು ಪದಗಳೂ ನಡುವೆ ಎಲ್ಲೋ ಮನೆ ಬದಲಾಯಿಸಿಕೊಂಡಿವೆ.

ಡ್ಯುರ್ಫೆನ್ ಹೇಗೆ ಬದಲಾಯಿಸಿತು ಎಂಬುದಕ್ಕೆ ವಿದ್ವಾಂಸರು ಕೊಡುವ ವಿವರಣೆಯನ್ನು ಓದಿದಾಗ ನಾನು ಒಬ್ಬನೇ ನಕ್ಕೆ. ಬದಲಾವಣೆ ನಿಷೇಧದಲ್ಲೇ ಮೊದಲಾಯಿತಂತೆ. 'ನೀನು ಅದನ್ನು ಮಾಡುವ ಅಗತ್ಯವಿಲ್ಲ' ಎಂಬುದು ದೊಡ್ಡವರ ಬಾಯಲ್ಲಿ 'ಮಾಡಕೂಡದು' ಎಂದೇ ಕೇಳಿಸುತ್ತದೆ. ಹಾಗೆ ಕೇಳಿಸಿ ಕೇಳಿಸಿ ನಿಷೇಧದಲ್ಲಿ ತಡೆಯ ಅರ್ಥ ಗಟ್ಟಿಯಾಯಿತು. 'ಮಾಡಕೂಡದು' ಎಂಬುದರಿಂದ ನಿಷೇಧವನ್ನು ಕಳೆದರೆ ಉಳಿಯುವುದು 'ಮಾಡಬಹುದು'. ಹೀಗೆ ಅಗತ್ಯದ ಪದ ಅಪ್ಪಣೆಯ ಪದವಾಯಿತು. ನಮ್ಮ ಮನೆಗಳಲ್ಲಿ ಇದು ದಿನವೂ ನಡೆಯುವುದೇ. ದೊಡ್ಡವರು ಮಾತನಾಡುವಾಗ ನಡುವೆ ಬಾಯಿಹಾಕಿದ ಹುಡುಗನಿಗೆ ನನ್ನ ಅಜ್ಜ, "ನೀನೇನೂ ಇಲ್ಲಿ ನಿಂತು ವ್ಯಾಖ್ಯಾನ ಮಾಡಬೇಕಾಗಿಲ್ಲ" ಎನ್ನುತ್ತಿದ್ದರು. ವ್ಯಾಕರಣದ ಪ್ರಕಾರ ಅಲ್ಲಿ ಕಟ್ಟು ಬಿಚ್ಚಿದೆ, ಇಷ್ಟವಿದ್ದರೆ ವ್ಯಾಖ್ಯಾನ ಮಾಡಬಹುದು. ಮಾಡಿದ ಹುಡುಗನನ್ನು ನಾನು ಕಂಡಿಲ್ಲ.

ಇಂಗ್ಲಿಷಿನ ಮಸ್ಟ್ ನಾಟ್‌ನ ಒಗಟಿಗೂ ಇಲ್ಲೇ ಒಂದು ಎಳೆ ಸಿಗುತ್ತದೆ. ಆ ಭಾಷೆಯ ಹಳೆಯ ರೂಪದಲ್ಲೂ ಈ ಪದದ ಅರ್ಥ 'ಬಹುದು' ಎಂದೇ. ಆಗ ಅದರ ನಿಷೇಧಕ್ಕೆ ಸಹಜವಾಗಿಯೇ 'ಬಾರದು' ಎಂಬ ಅರ್ಥ. ಮುಂದೆ ಪದ ಕಟ್ಟಿನ ಕಡೆಗೆ ಸರಿದರೂ ಅದರ ನಿಷೇಧರೂಪ ಹಳೆಯ ಮನೆಯಲ್ಲೇ ಉಳಿದಂತೆ ತೋರುತ್ತದೆ. ಜರ್ಮನ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಸಾಮಾನು ಕಟ್ಟಿಕೊಂಡು ಹೊಸ ಮನೆಗೆ ಹೋದರು.

ಮುಂದಿನ ಭಾನುವಾರ ಇದನ್ನೆಲ್ಲ ಸಿದ್ಧಮಾಡಿಕೊಂಡು ಫೋನಿಗೆ ಕಾದು ಕುಳಿತೆ. 'ಕಟ್ಟು ಇಲ್ಲ, ಅಪ್ಪಣೆ ಇಲ್ಲ' ಎಂಬ ಸೂತ್ರವನ್ನು ಅವಳು ಒಮ್ಮೆಗೇ ಹಿಡಿದಳು. "ಇನ್ನೊಂದು ಸುಲಭ ಇದೆ ಮಾವ. ಇಲ್ಲಿಯವರು ಏಳಬೇಕಾಗಿಲ್ಲ ಅನ್ನೋದಕ್ಕೆ ಸಾಮಾನ್ಯವಾಗಿ ಮುಸ್ ಬಿಟ್ಟು ಬ್ರೌಖೆನ್ ಅಂತಾರೆ" ಎಂದು ನನಗೇ ಪಾಠ ಹೇಳಿದಳು. ಅದು ನಿಜ. 'ಬ್ರೌಖೆನ್ ನಿಖ್ಟ್' ಎಂದರೆ ಅಗತ್ಯವಿಲ್ಲ ಎಂದಷ್ಟೆ. ಅಲ್ಲಿ ಇಂಗ್ಲಿಷಿನ ನೆರಳು ಬೀಳುವ ಭಯವಿಲ್ಲ. ಆ ದಿನ ಅಜ್ಜಿ ಎದ್ದು ನಿಂತದ್ದನ್ನು ಕಂಡು ಹಿರಿಯ ನರ್ಸು ಕೂಗಿದ ಮಾತನ್ನೂ ಆಗ ಹೇಳಿದಳು: "ಡಸ್ ಡರ್ಫ್ ನಿಖ್ಟ್ ವಾರ್ ಜೈನ್!" ಇದು ಅಲ್ಲಿ ಎಲ್ಲರ ಬಾಯಲ್ಲೂ ಬರುವ ಉದ್ಗಾರ. ಅಕ್ಷರಕ್ಕೆ ಅಕ್ಷರ ಹೇಳಿದರೆ, 'ಇದು ನಿಜವಾಗಿರಲು ಅಪ್ಪಣೆಯಿಲ್ಲ.' ಕಣ್ಣೆದುರು ನಡೆದುಹೋದ ಸಂಗತಿಗೂ ಅಪ್ಪಣೆ ನಿರಾಕರಿಸುವ ಈ ಜನರ ಶಿಸ್ತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆದರೆ ನನ್ನ ಸೂತ್ರದಲ್ಲಿ ಎರಡು ತೂತುಗಳಿದ್ದವು. ಒಂದನ್ನು ನಾನೇ ಒಪ್ಪಿಕೊಂಡೆ. ಅದೇ ಪರಿವಾರದ 'ಜೊಲೆನ್' ಎಂಬ ಇನ್ನೊಬ್ಬ ಸದಸ್ಯ, ಬೇರೆಯವರ ಇಚ್ಛೆಯನ್ನು ತಿಳಿಸುವವನು, ಈ ಕಟ್ಟಳೆಗೆ ಸಿಕ್ಕುವುದಿಲ್ಲ. 'ಡಾಕ್ಟರು ಏಳಬೇಕೆಂದಿದ್ದಾರೆ' ಎಂಬುದಕ್ಕೆ ಜೊಲೆನ್. ಅದಕ್ಕೆ ನಿಖ್ಟ್ ಸೇರಿದರೆ 'ಡಾಕ್ಟರು ಹಾಗೇನೂ ಹೇಳಿಲ್ಲ' ಎಂದಾಗುವುದಿಲ್ಲ, 'ಏಳಬಾರದೆಂದು ಹೇಳಿದ್ದಾರೆ' ಎಂದಾಗುತ್ತದೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ 'ಮಾಡಬೇಡ' ಎಂಬವೆಲ್ಲ ಜರ್ಮನ್‌ನಲ್ಲಿ ಈ ಪದದಿಂದಲೇ ಬಂದಿವೆ. ಇಲ್ಲಿ ನಿಷೇಧ ಇಂಗ್ಲಿಷಿನಂತೆಯೇ ಕ್ರಿಯೆಗೆ ಅಂಟುತ್ತದೆ. ಮೊದಲ ಪಾಠದಲ್ಲಿ ಇದನ್ನು ಮುಚ್ಚಿಡುವುದೇ ಲೇಸೆಂದು ಈಗಲೂ ನನಗೆ ತೋರುತ್ತದೆ.

ಎರಡನೆಯ ತೂತನ್ನು ತೋರಿಸಿದವಳು ಆ ಅಜ್ಜಿ. ಮನೆಗೆ ಹೊರಡುವ ದಿನ, ಎರಡು ಊರುಗೋಲು ಹಿಡಿದು, ಚಿಕಿತ್ಸಕರ ಪಕ್ಕದಲ್ಲಿ ನೆಟ್ಟಗೆ ನಿಂತುಕೊಂಡು ನಮ್ಮ ಹುಡುಗಿಯ ಕೈ ಹಿಡಿದಳಂತೆ. ಇವಳು ಇನ್ನೊಮ್ಮೆ ಕ್ಷಮೆ ಕೇಳಿದಳು. ಅದಕ್ಕೆ ಅಜ್ಜಿ, "ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗು" ಎಂದಳು. ಹೇಳಿದ್ದು ಮಾತ್ರ ಮುಸ್ ನಿಖ್ಟ್ ಬಳಸಿ!

"ಹಚ್ಚಿಕೊಳ್ಳಬೇಕಾಗಿಲ್ಲ ಅಂತಲೋ, ಹಚ್ಚಿಕೊಳ್ಳಬೇಡ ಅಂತಲೋ ಮಾವ? ನಿಮ್ಮ ಸೂತ್ರದ ಪ್ರಕಾರ, ಬೇಕಾದರೆ ಹಚ್ಚಿಕೋ ಅಂದ ಹಾಗಾಯಿತು."

ನಾನು ನಿಘಂಟು ತೆಗೆದೆ. ಉತ್ತರ ಜರ್ಮನಿಯ ಆಡುಮಾತಿನಲ್ಲಿ ಮುಸ್ ನಿಖ್ಟ್ ಎಂಬುದಕ್ಕೆ 'ಮಾಡಬೇಡ', 'ಮಾಡಬಾರದು' ಎಂಬ ಅರ್ಥವೂ ಉಂಟೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. "ಅಜ್ಜಿಯ ಊರು ಯಾವ ಕಡೆ ಕೇಳಿದ್ದೀಯೇನಮ್ಮ?" ಎಂದೆ.

"ಸಮುದ್ರದ ಕಡೆ, ಉತ್ತರಕ್ಕೆ. ಮದುವೆಯಾಗಿ ಈ ಊರಿಗೆ ಬಂದದ್ದಂತೆ."

ಕಿಟ್ಟೆಲರೂ ಆ ಉತ್ತರದ ಕರಾವಳಿಯವರೇ, ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದವರು, ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಅನುಮಾನ ಬಂತು.

"ಹಾಗಾದರೆ ಮಾವ, ಆ ದಿನ ನಾನು ಏಳಬೇಡಿ ಅಂತ ಹೇಳಿದ್ದು ಅಜ್ಜಿಗೆ ಸರಿಯಾಗಿಯೇ ಅರ್ಥವಾಗಿತ್ತೇನೋ?"

ನನಗೂ ಆ ಅನುಮಾನ ಆಗಲೇ ಬಂದಿತ್ತು. "ಇನ್ನೊಮ್ಮೆ ಸಿಕ್ಕರೆ ಕೇಳು" ಎಂದೆ. ಹಿಂದಿನಿಂದ ಅವಳ ಅತ್ತೆ ಸಾರಿನ ಪುಡಿಯ ಡಬ್ಬ ತಲುಪಿತೆ ಎಂದು ಕೇಳುತ್ತ ಫೋನಿಗೆ ಕೈಚಾಚಿದಳು.